ನಾಕೈದು ಲೀಟರ್ ನೀರು ಕುಡಿದ್ರೂ ಬಿಸಿಲಲ್ಲಿ ತಲೆ ಸುತ್ತುತ್ತೆ, ಯಾಕೆ?

ಓದುಗರ ಪ್ರಶ್ನೆ: "ಅಣ್ಣಾರ, ನಾ ಕಲಬುರಗಿ ಒಳಗ ಫುಡ್ ಡೆಲಿವರಿ ಮಾಡ್ತೀನ್ರಿ. ನಮ್ಮಣ್ಣ ಸೆಂಟ್ರಿಂಗ್ ಕೆಲಸಕ್ಕ ಹೋಗ್ತಾನ. ಇಬ್ರೂ ದಿನಾ ನಾಕೈದ್ ಲೀಟರ್ ನೀರ್ ಕುಡೀತೀವಿ, ಆದ್ರೂ ಮಧ್ಯಾಹ್ನ ಎರಡರ ಸುಮಾರಿಗೆ ತಲಿ ತಿರಗತದ, ಮೀನಖಂಡ ಹಿಡ್ಕೋತಾವ, ವಾಂತಿ ಬಂದಂಗ ಆಗ್ತದ. ಇನ್ನೂ ಜಾಸ್ತಿ ನೀರ್ ಕುಡೀಬೇಕೇನ್ರಿ?"

ಬರೀ ನೀರು ಇನ್ನೂ ಜಾಸ್ತಿ ಕುಡಿದ್ರೆ ಇದು ಸರಿ ಹೋಗಲ್ಲ ತಮ್ಮಾ. ನೀವು ಹೇಳ್ತಿರೋದು ನೋಡಿದ್ರೆ ನೀರಿಗಿಂತ ಉಪ್ಪು ಕಮ್ಮಿ ಬಿದ್ದಿರೋ ಥರ ಕಾಣುತ್ತೆ.

ಅದಕ್ಕೆ ನಾನು ಮೊದಲು ಕೇಳೋದು, ಬೆಳಗ್ಗೆ ಏನು ತಿಂದು ಹೊರಟ್ರಿ? ಬರೀ ಚಾ ಕುಡಿದು ಗಾಡಿ ಹತ್ತಿದ್ರೆ ಅರ್ಧ ಉತ್ತರ ಅಲ್ಲೇ ಸಿಕ್ಕಂಗಾಯ್ತು.

ಒಂದು ಸಣ್ಣ ಲೆಕ್ಕ ಹಾಕೋಣ. ಬಿಸಿಲಲ್ಲಿ ಮೈಮುರಿದು ಕೆಲಸ ಮಾಡೋವ್ರಿಗೆ ಗಂಟೆಗೆ ಹೆಚ್ಚುಕಮ್ಮಿ ಒಂದು ಲೀಟರ್ ಬೆವರು ಹೋಗುತ್ತೆ. ನಿಮ್ಮಣ್ಣ ಒಂಬತ್ತಕ್ಕೆ ಸ್ಲ್ಯಾಬ್ ಮೇಲೆ ಹತ್ತಿ ಒಂದಕ್ಕೆ ಇಳಿದ್ರು ಅಂತ ಇಟ್ಕೊಳ್ಳಿ. ನಾಲ್ಕು ಗಂಟೆ, ನಾಲ್ಕು ಲೀಟರ್ ಬೆವರು. ಒಂದು ಲೀಟರ್ ಬೆವರಲ್ಲಿ ಎರಡು ಮೂರು ಗ್ರಾಂ ಉಪ್ಪು ಇರುತ್ತೆ, ಒಬ್ಬೊಬ್ಬರಿಗೆ ಒಂದೊಂದು ಥರ, ಆದ್ರೂ ಸುಮಾರು ಹತ್ತು ಗ್ರಾಂ ಅಂದ್ರೆ ಎರಡು ಟೀ ಚಮಚ ಉಪ್ಪು ಊಟದ ಹೊತ್ತಿಗೇ ಮೈಯಿಂದ ಹೊರಗೆ ಹೋಗಿರುತ್ತೆ. ಸಂಜೆ ಬನಿಯನ್ ಮೇಲೆ ಬೆಳ್ಳಗೆ ಗೆರೆ ಗೆರೆ ಕಾಣುತ್ತಲ್ಲ, ಅದೇ ಇದು.

ಹೋಗಿದ್ದು ನೀರು ಮತ್ತು ಉಪ್ಪು ಎರಡೂ, ವಾಪಸ್ ಹಾಕಿದ್ದು ಬರೀ ನೀರು. ಆಗ ರಕ್ತದಲ್ಲಿರೋ ಉಪ್ಪಿನಂಶ ತೆಳ್ಳಗಾಗುತ್ತೆ, ಸ್ನಾಯು ಹಿಡ್ಕೊಳ್ಳುತ್ತೆ, ತಲೆ ನೋಯುತ್ತೆ, ವಾಂತಿ ಬಂದಂಗಾಗುತ್ತೆ. ಇದಕ್ಕೆ ಹೆದರಿ ಮತ್ತೆ ಮತ್ತೆ ಬಾಟಲಿ ಎತ್ತಿದ್ರೆ ಇನ್ನೂ ತೆಳ್ಳಗಾಗುತ್ತೆ. ಒಂದು ಗಂಟೆಯಲ್ಲಿ ಒಂದೂವರೆ ಲೀಟರ್ ಮೇಲೆ ನೀರು ಹಾಕ್ಬೇಡಿ.

ಹಂಗಾದ್ರೆ ಏನು ಮಾಡ್ಬೇಕು?

ಮೊದಲನೇದು, ತಿಂದು ಹೊರಡಿ. ಉಪ್ಪು ವಾಪಸ್ ಬರೋ ದೊಡ್ಡ ದಾರಿ ಊಟಾನೇ, ಪುಡಿ ಪ್ಯಾಕೆಟ್ ಅಲ್ಲ. ಎರಡು ರೊಟ್ಟಿ, ಪಲ್ಯ, ಚೂರು ಉಪ್ಪಿನಕಾಯಿ. ಸುಸ್ಲಾ ಆದ್ರೂ ಪರವಾಗಿಲ್ಲ. ಹತ್ತೂವರೆ ಹನ್ನೊಂದಕ್ಕೆ ಉಪ್ಪು ಹಾಕಿದ ಮಜ್ಜಿಗೆ ಅಥವಾ ಅಂಬಲಿ ಒಂದು ಗ್ಲಾಸ್. ಮಧ್ಯಾಹ್ನ ಆರ್ಡರ್ ಜಾಸ್ತಿ ಅಂತ ಊಟ ಬಿಡ್ಬೇಡಿ. ಊರಿಗೆಲ್ಲ ಊಟ ಹೊತ್ಕೊಂಡು ತಿರುಗೋ ಹುಡುಗ ತಾನು ನಾಲ್ಕು ಗಂಟೆವರೆಗೂ ಖಾಲಿ ಹೊಟ್ಟೆ, ಇದು ನಾನು ದಿನಾ ನೋಡೋ ಕಥೆ.

ಎರಡನೇದು, ನೀರು ಒಂದೇ ಸಲ ಗಟಗಟ ಬೇಡ. ಹದಿನೈದು ಇಪ್ಪತ್ತು ನಿಮಿಷಕ್ಕೆ ಒಂದು ಲೋಟ. ರೈಡರ್‌ಗೆ ಗಡಿಯಾರ ನೋಡೋಕಾಗಲ್ಲ, ಅದಕ್ಕೆ ಪ್ರತಿ ಪಿಕಪ್‌ಗೆ ನಾಲ್ಕು ಗುಟುಕು, ಪ್ರತಿ ಡ್ರಾಪ್‌ಗೆ ನಾಲ್ಕು ಗುಟುಕು ಅಂತ ಅಭ್ಯಾಸ ಮಾಡ್ಕೊಳ್ಳಿ. ಮೂತ್ರದ ಬಣ್ಣ ತಿಳಿ ಹಳದಿ ಇದ್ರೆ ಸರಿ ಹೋಗ್ತಿದೆ. ಚಾ ಡಿಕಾಕ್ಷನ್ ಬಣ್ಣಕ್ಕೆ ತಿರುಗಿದ್ರೆ ನೀರು ಸಾಲ್ತಿಲ್ಲ.

ಮೂರನೇದು ಓಆರ್‌ಎಸ್. ಇಲ್ಲೇ ಜನ ಜಾಸ್ತಿ ಎಡವೋದು. ಒಂದು ಲೀಟರ್‌ಗೆ ಅಂತ ಬರೆದಿರೋ ಪ್ಯಾಕೆಟ್ಟನ್ನ ಅರ್ಧ ಲೀಟರ್ ಬಾಟಲಿಗೆ ಸುರೀತಾರೆ, "ಸ್ಟ್ರಾಂಗ್ ಇರ್ಲಿ" ಅಂತ. ಅದು ಒಳ್ಳೇದಲ್ಲ, ಹೊಟ್ಟೆ ಕೆಡುತ್ತೆ, ದಾಹ ಇನ್ನೂ ಜಾಸ್ತಿ ಆಗುತ್ತೆ. ಪೂರ್ತಿ ಪ್ಯಾಕೆಟ್, ಪೂರ್ತಿ ಒಂದು ಲೀಟರ್. 200 ಎಂಎಲ್‌ಗೆ ಅಂತ ಸಣ್ಣ ಪ್ಯಾಕೆಟ್ಟೂ ಬರುತ್ತೆ, ಹಿಂದುಗಡೆ ಓದಿ ನೋಡಿ. ಕಲೆಸಿದ್ದನ್ನ ಮಾರನೇ ದಿನಕ್ಕೆ ಇಟ್ಕೋಬೇಡಿ.

ಪ್ಯಾಕೆಟ್ ಇಲ್ವಾ? ಒಂದು ಲೀಟರ್ ಶುದ್ಧ ನೀರು, ಟೀ ಚಮಚದಲ್ಲಿ ಸಪಾಟಾಗಿ ಆರು ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. ಅಷ್ಟೇ. ನಿಂಬೆಹಣ್ಣು ಹಿಂಡಿದ್ರೆ ರುಚಿಗೆ. ಬೆವರು ಜಾಸ್ತಿ ಹೋದ ದಿನ ಒಂದು ಲೀಟರ್ ನಿಧಾನಕ್ಕೆ ಕುಡೀರಿ, ಉಳಿದದ್ದು ನೀರು ಮಜ್ಜಿಗೆ. ಅಂಗಡೀಲಿ ಸಿಗೋ ಸಿಹಿ ಟೆಟ್ರಾ ಪ್ಯಾಕ್‌ಗಳನ್ನ ಓಆರ್‌ಎಸ್ ಅಂತ ನಂಬ್ಬೇಡಿ, ಸರಿಯಾದ ಸೂತ್ರ ಇಲ್ಲದ ಪಾನೀಯಕ್ಕೆ ಆ ಹೆಸರು ಹಾಕ್ಬಾರ್ದು ಅಂತ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐ 2025ರ ಅಕ್ಟೋಬರ್‌ನಲ್ಲೇ ಆದೇಶ ಮಾಡಿದೆ. ಮೆಡಿಕಲ್ ಶಾಪಲ್ಲಿ ಡಬ್ಲ್ಯೂಎಚ್‌ಓ ಫಾರ್ಮುಲಾ ಅಂತ ಕೇಳಿ ತಗೊಳ್ಳಿ.

ಬಿಪಿ, ಕಿಡ್ನಿ, ಹಾರ್ಟ್ ತೊಂದರೆ ಇರೋವ್ರು ಉಪ್ಪು ಜಾಸ್ತಿ ಮಾಡೋ ಮುಂಚೆ ಡಾಕ್ಟರ್ ಹತ್ರ ಕೇಳ್ಲೇಬೇಕು. ಬಿಪಿ ಮಾತ್ರೆಗಳಲ್ಲಿ ಕೆಲವು ಮೂತ್ರ ಜಾಸ್ತಿ ಮಾಡ್ಸೋವು ಇರ್ತವೆ, ಬಿಸಿಲಲ್ಲಿ ದುಡಿಯೋವ್ರಿಗೆ ಅದು ತೊಂದರೆ ಕೊಡ್ಬಹುದು. ಹಂಗಂತ ನೀವೇ ನಿಲ್ಲಿಸಬೇಡಿ. ಮತ್ತೆ ಯಾರೂ ಹಸಿ ಉಪ್ಪು ಬಾಯಿಗೆ ಹಾಕ್ಕೊಂಡು ನೀರು ಕುಡೀಬೇಡಿ, ವಾಂತಿ ಆಗುತ್ತೆ, ಇದ್ದ ನೀರೂ ಹೋಗುತ್ತೆ.

ಈಗ ನಿಮ್ಮಿಬ್ಬರಲ್ಲಿ ಇರೋ ವ್ಯತ್ಯಾಸ.

ಗಾಡಿ ಓಡಿಸೋವ್ನಿಗೆ ಬೆವರು ಬರ್ತಿರೋದೇ ಗೊತ್ತಾಗಲ್ಲ. ಗಾಳಿ ಹೊಡೀತಿರುತ್ತೆ, ಬೆವರು ಬಂದಂಗೆ ಒಣಗುತ್ತೆ, ಮೈ ಒಣಾ ಇದೆ ಅನ್ಕೊಂಡು ಗಂಟೆಗಟ್ಲೆ ನೀರು ಮುಟ್ಟಲ್ಲ, ಆಮೇಲೆ ಸಿಗ್ನಲ್‌ನಲ್ಲಿ ನಿಂತಾಗ ಒಂದೇ ಸಲ ಧಾರೆ ಸುರಿಯುತ್ತೆ, ಮೂರನೇ ಮಹಡಿ ಹತ್ತಿದ ಮೇಲೆ ಕಣ್ಣು ಕತ್ತಲೆ ಬರುತ್ತೆ. ಅಲ್ಲಿ ಬಿದ್ರೆ ಮೆಟ್ಟಿಲ ಮೇಲೆ, ಗಾಡಿ ಮೇಲೆ ಬಂದ್ರೆ ರೋಡಲ್ಲಿ. ಅದಕ್ಕೆ ತಲೆ ಹಗುರ ಅನ್ಸಿದ ತಕ್ಷಣ ಗಾಡಿ ಸೈಡಿಗೆ ಹಾಕಿ, ಮುಂದಿನ ಆರ್ಡರ್ ಆಮೇಲೆ. ಹೆಲ್ಮೆಟ್ ಕೆಳಗೆ ಕಾಟನ್ ಬಟ್ಟೆ ಒದ್ದೆ ಮಾಡಿ ಕಟ್ಕೊಳ್ಳಿ, ಕುತ್ತಿಗೆಗೂ ಒಂದು ಒದ್ದೆ ಟವೆಲ್. ಕಾಯೋವಾಗ ಇಂಜಿನ್ ಆಫ್ ಮಾಡಿ ನೆರಳಿಗೆ ಹೋಗಿ, ಸೀಟ್ ಮೇಲೇ ಕೂತು ಫೋನ್ ನೋಡ್ತಾ ಬಿಸಿಲು ಕಾಯಿಸ್ಕೋಬೇಡಿ.

ನಿಮ್ಮಣ್ಣಂದು ಬೇರೆ. ಫೋನಲ್ಲಿ 42 ಡಿಗ್ರಿ ಅಂತ ತೋರಿಸುತ್ತಲ್ಲ, ಹವಾಮಾನ ಇಲಾಖೆ ಅಳತೆ ಮಾಡೋದು ನೆರಳಲ್ಲಿ, ಗಾಳಿ ಆಡೋ ಪೆಟ್ಟಿಗೆ ಒಳಗೆ. ಸ್ಲ್ಯಾಬ್ ಮೇಲೆ ಬಿಸಿಲೂ ನೇರ, ಕೆಳಗಿಂದ ಶೀಟೂ ಕಬ್ಬಿಣವೂ ಕಾಯಿಸುತ್ತೆ, ಮೈಗೆ ತಾಗೋದು ಅದಕ್ಕಿಂತ ಜಾಸ್ತಿ. ಸೆಂಟ್ರಿಂಗ್, ಬಾರ್ ಬೆಂಡಿಂಗ್ ಅಂಥ ಭಾರದ ಕೆಲಸ ಬೆಳಗ್ಗೆ ಆರಕ್ಕೇ ಶುರು ಮಾಡಿ ಹನ್ನೆರಡಕ್ಕೆ ನಿಲ್ಲಿಸಿ, ನಾಲ್ಕರ ಮೇಲೆ ಮತ್ತೆ ಹಿಡೀರಿ ಅಂತ ಮೇಸ್ತ್ರಿ ಹತ್ರ ಮಾತಾಡ್ಲಿ. ಏಪ್ರಿಲ್ ಮೇ ತಿಂಗಳಲ್ಲಿ ನಿಮ್ಮ ಕಲಬುರಗಿ ಭಾಗದ ಸರ್ಕಾರಿ ಆಫೀಸ್‌ಗಳೇ ಬೆಳಗ್ಗೆ ಎಂಟರಿಂದ ಮಧ್ಯಾಹ್ನ ಒಂದೂವರೆವರೆಗೆ ಅಂತ ಟೈಮ್ ಬದಲಾಯಿಸ್ಕೊಳ್ತವೆ, ಫ್ಯಾನ್ ಕೆಳಗೆ ಕೂರೋವ್ರಿಗೇ ಬೇಕಾದ್ರೆ ಬಾಂಡ್ಲಿ ಹೊರೋವ್ರಿಗೆ ಬೇಡ್ವಾ?

ಸೈಟಲ್ಲಿ ಹೆಣ್ಮಕ್ಕಳ ಕಥೆ ಇನ್ನೂ ಬೇರೆ. ಟಾಯ್ಲೆಟ್ ಇಲ್ಲ ಅಂತ ಬೆಳಗ್ಗಿಂದ ನೀರೇ ಕುಡಿಯಲ್ಲ. ಅವರಿಗೆ "ನೀರು ಕುಡೀರಿ ಅಕ್ಕಾ" ಅಂತ ಹೇಳಿ ಉಪಯೋಗ ಇಲ್ಲ, ತಗಡು ಅಡ್ಡ ಕಟ್ಟಿ ಒಂದು ಟಾಯ್ಲೆಟ್ ಮಾಡಿಸ್ಬೇಕು.

ಹೊಸಬರ ಬಗ್ಗೆ ಒಂದು ಮಾತು. ಬಿಸಿಲಿಗೆ ಮೈ ಒಗ್ಗೋಕೆ ಒಂದರಿಂದ ಎರಡು ವಾರ ಬೇಕು. ಬಿಸಿಲಿನ ಅನಾಹುತಗಳು ಜಾಸ್ತಿ ಆಗೋದೂ ಕೆಲಸಕ್ಕೆ ಸೇರಿದ ಮೊದಲ ಕೆಲವು ದಿನದಲ್ಲೇ. ಹೊಸ ಹುಡುಗನಿಗೆ ಮೊದಲ ದಿನ ಬಿಸಿಲಲ್ಲಿ ಐದನೇ ಒಂದು ಪಾಲು ಕೆಲಸ, ಮಾರನೇ ದಿನ ಎರಡು ಪಾಲು, ಹಿಂಗೆ ಐದನೇ ದಿನಕ್ಕೆ ಪೂರ್ತಿ. ಹಳಬರೂ ಜ್ವರ ಬಂದು, ಊರಿಗೆ ಹೋಗಿ ಒಂದೆರಡು ವಾರ ಬಿಟ್ಟು ಬಂದ್ರೆ ಮೊದಲ ದಿನ ಅರ್ಧ ಮಾತ್ರ.

ಇನ್ನು ಮುಖ್ಯವಾದದ್ದು. ನಿಮಗೆ ಆಗ್ತಿರೋದು ಸುಸ್ತು ಹಂತ. ನೆರಳಿಗೆ ಬಂದು, ಬಟ್ಟೆ ಸಡಿಲ ಮಾಡಿ, ಕಾಲು ಮೇಲಿಟ್ಟು ಮಲಗಿ, ಓಆರ್‌ಎಸ್ ಗುಟುಕು ಗುಟುಕು ಕುಡಿದ್ರೆ ಅರ್ಧ ಗಂಟೆಯಲ್ಲಿ ಹಗುರ ಆಗ್ಬೇಕು. ಆಗ್ಲಿಲ್ಲ, ಕುಡಿದದ್ದೆಲ್ಲ ವಾಂತಿ ಆಗ್ತಿದೆ ಅಂದ್ರೆ ಆಸ್ಪತ್ರೆಗೆ ಹೋಗಿ. ಆರಾಮಾದ್ರೂ ಆ ದಿನ ಮತ್ತೆ ಬಿಸಿಲಿಗೆ ಬೇಡ.

ಆದ್ರೆ ಮಾತು ತೊದಲೋದು, ಎಲ್ಲಿದ್ದೀನಿ ಅಂತ ಗೊತ್ತಾಗದೇ ಇರೋದು, ಸುಮ್ಸುಮ್ನೆ ಬೈಯೋದು, ತೂರಾಡೋದು, ಫಿಟ್ಸ್ ಬರೋದು ಕಂಡ್ರೆ ಅದು ಹೀಟ್ ಸ್ಟ್ರೋಕ್. ಕುಡಿದಿದ್ದಾನೆ ಅಂತ ನಕ್ಕು ಬಿಟ್ಬಿಡ್ತಾರೆ, ಹಂಗೇ ಜೀವ ಹೋಗುತ್ತೆ. ಬೆವರು ಬರ್ತಿದೆಯಲ್ಲ ಅಂತ ಸಮಾಧಾನ ಮಾಡ್ಕೋಬೇಡಿ, ದುಡೀತಾ ದುಡೀತಾ ಬಿದ್ದವರಿಗೆ ಮೈ ಸುಡ್ತಿದ್ರೂ ಬೆವರು ಇರಬಹುದು. ನೋಡ್ಬೇಕಾದ್ದು ತಲೆ ಸರಿ ಇದೆಯಾ ಅಂತ. ಹೆಸರು ಕೇಳಿ, ಇವತ್ತು ಯಾವ ವಾರ ಕೇಳಿ.

108ಕ್ಕೆ ಒಬ್ಬರು ಫೋನ್ ಮಾಡ್ಲಿ, ಉಳಿದವರು ಆ ಕ್ಷಣವೇ ತಣ್ಣಗೆ ಮಾಡೋಕೆ ಶುರು ಮಾಡಿ. ಆಂಬುಲೆನ್ಸ್ ಬರ್ಲಿ ಅಂತ ಕಾಯ್ಬೇಡಿ. ನೆರಳಿಗೆ ಎಳೆದು, ಅಂಗಿ ಬಿಚ್ಚಿ, ಬಕೆಟ್‌ಗಟ್ಲೆ ನೀರು ಮೈಮೇಲೆ ಸುರೀರಿ. ಸೈಟಲ್ಲಿ ಕ್ಯೂರಿಂಗ್‌ಗೆ ಪೈಪ್ ಇದ್ದೇ ಇರುತ್ತೆ, ಬಿಸಿಲಲ್ಲಿ ಬಿದ್ದಿರೋ ಪೈಪಿನ ಬಿಸಿ ನೀರು ಮೊದಲು ಹೊರಗೆ ಬಿಟ್ಟು ಆಮೇಲೆ ಅದನ್ನೇ ಹಿಡೀರಿ. ಒದ್ದೆ ಮೈಗೆ ರಟ್ಟಿಂದ ಜೋರಾಗಿ ಗಾಳಿ ಹಾಕಿ. ಪಕ್ಕದ ಜ್ಯೂಸ್ ಅಂಗಡೀಲಿ ಐಸ್ ಸಿಕ್ರೆ ಬಟ್ಟೆಲಿ ಸುತ್ತಿ ಕಂಕುಳು, ಕುತ್ತಿಗೆ, ತೊಡೆಸಂದಿಗೆ ಇಡಿ. ಎಚ್ಚರ ತಪ್ಪಿದವರ ಬಾಯಿಗೆ ನೀರು ಹಾಕ್ಬೇಡಿ, ಶ್ವಾಸನಾಳಕ್ಕೆ ಹೋಗುತ್ತೆ. ಡೋಲೋ, ಪ್ಯಾರಾಸಿಟಮಾಲ್ ಕೊಡ್ಬೇಡಿ, ಇದು ಜ್ವರ ಅಲ್ಲ, ಮಾತ್ರೆಗೆ ಇಳಿಯಲ್ಲ.

ಆಮೇಲೆ ಎರಡು ಮೂರು ದಿನ ಒಂದು ವಿಷಯ ಗಮನ ಇಟ್ಟು ನೋಡಿ. ನೀರು ಸಾಕಷ್ಟು ಕುಡಿದ್ರೂ ಮೂತ್ರ ಕೋಲಾ ಬಣ್ಣಕ್ಕೆ ಬರ್ತಿದೆ, ತೊಡೆ ಸೊಂಟ ಮುಟ್ಟಿದ್ರೆ ನೋವು ಅಂದ್ರೆ ಸ್ನಾಯು ಒಡೆದು ಅದರ ಅಂಶ ಕಿಡ್ನಿಗೆ ಹೋಗ್ತಿರಬಹುದು. ಅವತ್ತೇ ಆಸ್ಪತ್ರೆಗೆ ಹೋಗಿ, ಬಿಸಿಲಲ್ಲಿ ಕೆಲಸ ಮಾಡ್ತಿದ್ದೆ ಅಂತ ಡಾಕ್ಟರ್‌ಗೆ ಮೊದಲೇ ಹೇಳಿ. ನೋವಿನ ಮಾತ್ರೆ ನುಂಗಿ ಮಲಗ್ಬೇಡಿ, ಅವು ಇಂಥ ಹೊತ್ತಲ್ಲಿ ಕಿಡ್ನಿಗೇ ಇನ್ನೊಂದು ಏಟು ಹಾಕ್ತವೆ.