ಕೊನೆಯ ಕೋಷ್ಟಕದಲ್ಲಿ ನೆರಳು ಬೆಲೆ ಓದುವಾಗ

ಉತ್ಪಾದನೆಯ ಯೋಜನೆಗೆ ಲೆಕ್ಕ ಹಾಕಿಕೊಡುವುದು ನನ್ನ ಕೆಲಸ. ಯಾವ ವಸ್ತು ಎಷ್ಟು ಮಾಡಬೇಕು ಅಂತ ಹೇಳಿದ ತಕ್ಷಣ ಮುಂದಿನ ಪ್ರಶ್ನೆ ಬರುತ್ತದೆ: "ಇನ್ನೊಂದು ಗಂಟೆ ಕೆಲಸ ಮಾಡಿಸಿದರೆ ಲಾಭ ಎಷ್ಟು ಜಾಸ್ತಿ ಆಗುತ್ತದೆ?" ಇದಕ್ಕೆ ಹೊಸ ಲೆಕ್ಕ ಬೇಕಿಲ್ಲ. ಇಂಥ ಲೆಕ್ಕವನ್ನು ಹಂತ ಹಂತವಾಗಿ ಬಿಡಿಸುವ ಸಿಂಪ್ಲೆಕ್ಸ್ ವಿಧಾನದ ಕೊನೆಯ ಕೋಷ್ಟಕದಲ್ಲೇ ಉತ್ತರ ಇರುತ್ತದೆ. ಅದಕ್ಕೇ ನೆರಳು ಬೆಲೆ ಅನ್ನುತ್ತಾರೆ. ಆದರೆ ಆ ಸಂಖ್ಯೆ ಎಲ್ಲಿಯವರೆಗೆ ನಿಜ ಅನ್ನುವುದನ್ನೂ ಅದೇ ಕೋಷ್ಟಕದಲ್ಲಿ ಓದಬೇಕು. ಹೆಚ್ಚಿನವರು ಈ ಎರಡನೇ ಓದನ್ನು ಬಿಟ್ಟುಬಿಡುತ್ತಾರೆ.

ಒಂದು ಚಿಕ್ಕ ಲೆಕ್ಕ ತೆಗೆದುಕೊಳ್ಳೋಣ. ಒಂದು ಮರಗೆಲಸದ ಘಟಕದಲ್ಲಿ ಕಪಾಟು ಮತ್ತು ಕಿಟಕಿ ಮಾಡುತ್ತಾರೆ. ಒಂದು ಕಪಾಟಿಗೆ ಲಾಭ 40, ಕಿಟಕಿಗೆ 30. ಕಪಾಟಿಗೆ 2 ಗಂಟೆ ಕೊಯ್ತ, 1 ಗಂಟೆ ಜೋಡಣೆ, 1 ಗಂಟೆ ಬಣ್ಣದ ಕೆಲಸ ಬೇಕು. ಕಿಟಕಿಗೆ ಕೊಯ್ತ ಮತ್ತು ಜೋಡಣೆ ಒಂದೊಂದು ಗಂಟೆ, ಬಣ್ಣಕ್ಕೆ ಮಾತ್ರ 3 ಗಂಟೆ. ಕೈಯಲ್ಲಿರುವುದು ಕೊಯ್ತಕ್ಕೆ 40 ಗಂಟೆ, ಜೋಡಣೆಗೆ 24, ಬಣ್ಣಕ್ಕೆ 60.

```
max Z = 40x + 30y
2x +  y ≤ 40   (u)
 x +  y ≤ 24   (v)
 x + 3y ≤ 60   (w)
x, y ≥ 0
```

ಇದರ ಡ್ಯುಯಲ್, ಅಂದರೆ ಇದೇ ಸಂಖ್ಯೆಗಳಿಂದ ಗಂಟೆಗಳ ಬೆಲೆ ಹುಡುಕುವ ಜೋಡಿ ಲೆಕ್ಕ, ಬರೆಯುವಾಗ ನಿಯಮಗಳನ್ನು ಬಾಯಿಪಾಠ ಮಾಡುವುದಕ್ಕಿಂತ ಒಂದು ಸನ್ನಿವೇಶ ಕಲ್ಪಿಸಿಕೊಳ್ಳುವುದು ಒಳ್ಳೆಯದು. ಯಾರೋ ಒಬ್ಬರು ಬಂದು ನಿಮ್ಮ ಎಲ್ಲ ಗಂಟೆಗಳನ್ನೂ ಕೊಳ್ಳುತ್ತೇನೆ ಅನ್ನುತ್ತಾರೆ. ಕೊಯ್ತದ ಗಂಟೆಗೆ u, ಜೋಡಣೆಗೆ v, ಬಣ್ಣಕ್ಕೆ w ಕೊಡುತ್ತಾರೆ. ಅವರಿಗೆ ಬೇಕಿರುವುದು ಒಟ್ಟು ಖರ್ಚು ಆದಷ್ಟು ಕಡಿಮೆ ಇರಬೇಕು ಅಂತ. ನೀವು ಯಾವಾಗ ಒಪ್ಪುತ್ತೀರಿ? ಒಂದು ಕಪಾಟು ತಿನ್ನುವ ಗಂಟೆಗಳಿಗೆ ಕನಿಷ್ಠ 40 ಸಿಗಬೇಕು. ಇಲ್ಲದಿದ್ದರೆ ಕಪಾಟನ್ನೇ ಮಾಡಿಕೊಳ್ಳುತ್ತೀರಿ, ಅಲ್ವಾ? ಕಿಟಕಿಗೂ ಇದೇ ಮಾತು.

```
min 40u + 24v + 60w
2u + v +  w ≥ 40
 u + v + 3w ≥ 30
u, v, w ≥ 0
```

ಒಂದೊಂದು ನಿರ್ಬಂಧಕ್ಕೆ ಒಂದೊಂದು ಬೆಲೆ, ಒಂದೊಂದು ವಸ್ತುವಿಗೆ ಒಂದೊಂದು ಷರತ್ತು. ಮೊದಲು ಅಡ್ಡವಾಗಿ ಓದಿದ ಸಂಖ್ಯೆಗಳನ್ನು ಈಗ ಉದ್ದವಾಗಿ ಓದಿದ್ದೇವೆ, ಅಷ್ಟೇ.

ಈಗ ಮೂಲ ಲೆಕ್ಕಕ್ಕೆ s1, s2, s3 ಎಂಬ ಸ್ಲ್ಯಾಕ್‌ಗಳನ್ನು, ಅಂದರೆ ಒಂದೊಂದು ನಿರ್ಬಂಧದಲ್ಲಿ ಬಳಸದೆ ಉಳಿಯುವ ಗಂಟೆಗಳನ್ನು, ಸೇರಿಸಿ ಸಿಂಪ್ಲೆಕ್ಸ್ ಮಾಡಿದರೆ ಕೊನೆಗೆ ಸಿಗುವ ಕೋಷ್ಟಕ ಇದು:

```
      x   y   s1   s2   s3   RHS
x     1   0    1   -1    0    16
y     0   1   -1    2    0     8
s3    0   0    2   -5    1    20
Z     0   0   10   20    0   880
```

16 ಕಪಾಟು, 8 ಕಿಟಕಿ, ಲಾಭ 880. Z ಸಾಲಿನಲ್ಲಿ ಸ್ಲ್ಯಾಕ್‌ಗಳ ಕೆಳಗಿರುವ 10, 20, 0 ಇವೇ ನೆರಳು ಬೆಲೆಗಳು. ಬಣ್ಣದಲ್ಲಿ 20 ಗಂಟೆ ಸುಮ್ನೆ ಉಳಿದಿದೆ, ಹಾಗಾಗಿ ಅಲ್ಲಿ ಇನ್ನೊಂದು ಗಂಟೆಗೆ ಬೆಲೆ ಇಲ್ಲ. ಕೆಲವು ಪುಸ್ತಕಗಳು ಈ ಸಾಲನ್ನು Cj − Zj ಅಂತ ಬರೆಯುತ್ತವೆ. ಅಲ್ಲಿ -10, -20 ಅಂತ ಕಾಣುತ್ತದೆ. ಅರ್ಥ ಬೇರೆ ಅಲ್ಲ, ಬರೆಯುವ ರೀತಿ ಬೇರೆ.

ನಾನು ಯಾವಾಗಲೂ ಈ ಸಂಖ್ಯೆಗಳನ್ನು ಡ್ಯುಯಲ್‌ಗೆ ಹಾಕಿ ನೋಡುತ್ತೇನೆ. 2×10 + 20 = 40, ಸರಿ. 10 + 20 = 30, ಸರಿ. ಒಟ್ಟು ಬೆಲೆ 40×10 + 24×20 = 880. ಎರಡೂ ಕಡೆ 880 ಬಂದರೆ ಉತ್ತರ ಗಟ್ಟಿ. ಬರದಿದ್ದರೆ ಎಲ್ಲೋ ಚಿಹ್ನೆ ತಪ್ಪಿದೆ.

ಚಿಹ್ನೆ ಹೆಚ್ಚಾಗಿ ತಪ್ಪುವುದು ≥ ನಿರ್ಬಂಧದಲ್ಲಿ. ಮೇಲಿನ ಲೆಕ್ಕಕ್ಕೆ "ಕನಿಷ್ಠ 10 ಕಿಟಕಿ ಮಾಡಲೇಬೇಕು" ಅಂತ ಸೇರಿಸಿ. ಉತ್ತರ 14 ಕಪಾಟು, 10 ಕಿಟಕಿ, ಲಾಭ 860 ಆಗುತ್ತದೆ. ಆ ನಿರ್ಬಂಧದ ಸರ್‌ಪ್ಲಸ್, ಅಂದರೆ ಕನಿಷ್ಠಕ್ಕಿಂತ ಜಾಸ್ತಿ ಮಾಡಿದ ಭಾಗ, ಅದರ ಕಂಬದ ಕೆಳಗೆ Z ಸಾಲಿನಲ್ಲಿ 10 ಕಾಣುತ್ತದೆ. ಆದರೆ ನೆರಳು ಬೆಲೆ -10. ಒಂದು ಕಿಟಕಿ ಜಾಸ್ತಿ ಕಡ್ಡಾಯ ಮಾಡಿದರೆ ಲಾಭ 10 ಇಳಿಯುತ್ತದೆ, 9 ಸಾಕು ಅಂದರೆ 870ಕ್ಕೆ ಏರುತ್ತದೆ.

ಮೊದಲಿನ ಲೆಕ್ಕಕ್ಕೇ ವಾಪಸ್ ಬರೋಣ. ಜೋಡಣೆಯ ಒಂದು ಗಂಟೆಗೆ 20 ಅಂದರೆ ಓವರ್‌ಟೈಮ್‌ಗೆ 20ರವರೆಗೆ ಕೊಡಬಹುದು ಅಂತಲೇ? ಅದು ಲಾಭದ 40, 30 ಹೇಗೆ ಬಂತು ಅನ್ನುವುದರ ಮೇಲೆ ನಿಂತಿದೆ. ಜೋಡಣೆಯವರಿಗೆ ತಿಂಗಳ ಸಂಬಳ ಇದ್ದು, ಅದನ್ನು ಈ ಲಾಭದಲ್ಲಿ ಕಳೆದಿಲ್ಲ ಅಂದರೆ ಮಿತಿ 20. ಗಂಟೆಗೆ 15ರಂತೆ ಕೂಲಿಯನ್ನು ಮೊದಲೇ ಕಳೆದು 40, 30 ಬಂದಿದ್ದರೆ ಮಿತಿ 35. ಈ ಪ್ರಶ್ನೆಯನ್ನು ಲೆಕ್ಕ ಕೊಟ್ಟವರಿಗೆ ಕೇಳದೆ ನೆರಳು ಬೆಲೆಯನ್ನು ಯಾರ ಕೈಗೂ ಕೊಡಬಾರದು ಅನ್ನುವುದು ನನ್ನ ಅಭಿಪ್ರಾಯ.

ಈಗ ಆ ಎರಡನೇ ಓದು. 20 ಅನ್ನುವ ಬೆಲೆ ಎಷ್ಟು ಗಂಟೆಯವರೆಗೆ ನಡೆಯುತ್ತದೆ? ಜೋಡಣೆಗೆ e ಗಂಟೆ ಸೇರಿಸಿದರೆ ಬಲಬದಿಯ ಸಂಖ್ಯೆಗಳು s2 ಕಂಬದ ಪ್ರಕಾರ ಬದಲಾಗುತ್ತವೆ: 16 − e, 8 + 2e, 20 − 5e. ಯಾವುದೂ ಸೊನ್ನೆಗಿಂತ ಕೆಳಗೆ ಹೋಗಬಾರದು. ಮೂರನೆಯದು e = 4ಕ್ಕೆ ಸೊನ್ನೆ ಆಗುತ್ತದೆ, ಎರಡನೆಯದು e = -4ಕ್ಕೆ. ಅಂದರೆ ಜೋಡಣೆಯ ಗಂಟೆ 20ರಿಂದ 28ರ ಒಳಗೆ ಇದ್ದರೆ ಮಾತ್ರ ಗಂಟೆಗೆ 20. 28 ಗಂಟೆಗೆ 12 ಕಪಾಟು, 16 ಕಿಟಕಿ, ಲಾಭ 960. ಅಲ್ಲಿಗೆ ಬಣ್ಣದ ಗಂಟೆ ಪೂರ್ತಿ ಮುಗಿದಿರುತ್ತದೆ. ಆಮೇಲೆ ಎಷ್ಟು ಜೋಡಣೆ ಸೇರಿಸಿದರೂ ಲಾಭ ಅಲ್ಲೇ ನಿಲ್ಲುತ್ತದೆ. ಅದೇ ಹೊತ್ತಿಗೆ ಕೊಯ್ತದ ಬೆಲೆ 10ರಿಂದ 18ಕ್ಕೆ ಹಾರುತ್ತದೆ, ಬಣ್ಣಕ್ಕೆ 4 ಬರುತ್ತದೆ. ಇಕ್ಕಟ್ಟು ಒಂದು ಕಡೆಯಿಂದ ಇನ್ನೊಂದು ಕಡೆಗೆ ಸರಿಯಿತು.

ಇದೇ ಜಾಗದಲ್ಲಿ ನಾನೊಮ್ಮೆ ಎಡವಿದ್ದೇನೆ. ಆಗ ನನ್ನ ಮುಂದಿದ್ದ ಕೋಷ್ಟಕದ ಬಲಬದಿಯಲ್ಲಿ ಒಂದು ಸೊನ್ನೆ ಇತ್ತು, ಗಮನಿಸಲಿಲ್ಲ. ಹೆಚ್ಚುವರಿ ಗಂಟೆಗಳಿಗೆ ಬೆಲೆ ಇದೆ ಅಂತ ಬರೆದುಕೊಟ್ಟೆ. ಆ ಗಂಟೆಗಳಿಂದ ಲಾಭ ಒಂದಿಷ್ಟೂ ಏರಲಿಲ್ಲ.

ಏನಾಯಿತು ಅಂತ ನಮ್ಮ ಲೆಕ್ಕದಲ್ಲೇ ನೋಡಬಹುದು. ಬಣ್ಣಕ್ಕೆ 60ರ ಬದಲು 40 ಗಂಟೆ ಮಾತ್ರ ಇದೆ ಅಂದುಕೊಳ್ಳಿ. ಉತ್ತರ ಅದೇ 16 ಮತ್ತು 8, Z ಸಾಲೂ ಅದೇ 10, 20, 0. ಬದಲಾಗುವುದು s3 ಸಾಲಿನ ಬಲಬದಿ ಮಾತ್ರ: 20 ಇದ್ದದ್ದು 0. ಈಗ ಜೋಡಣೆಗೆ ಒಂದು ಗಂಟೆ ಸೇರಿಸಿದರೆ ಲಾಭ ಏರುವುದು 20 ಅಲ್ಲ, ಸೊನ್ನೆ. ಬಣ್ಣ ಆಗಲೇ ತಡೆದು ನಿಂತಿದೆ. ಒಂದು ಗಂಟೆ ಕಳೆದರೆ ಮಾತ್ರ 17 ಕಪಾಟು, 6 ಕಿಟಕಿ ಆಗಿ ಲಾಭ 860ಕ್ಕೆ ಇಳಿಯುತ್ತದೆ. ಕಳೆಯುವಾಗ 20, ಸೇರಿಸುವಾಗ 0. ಡ್ಯುಯಲ್‌ನಲ್ಲಿ ಇದರ ಗುರುತು ಏನೆಂದರೆ, 10, 20, 0 ಕೊಟ್ಟರೂ 880, 18, 0, 4 ಕೊಟ್ಟರೂ 880. ಎರಡೂ ಸರಿಯಾದ ಉತ್ತರಗಳೇ. ಯಾವುದು ಕೋಷ್ಟಕದಲ್ಲಿ ಕಾಣುತ್ತದೆ ಅನ್ನುವುದು ಸಿಂಪ್ಲೆಕ್ಸ್ ಯಾವ ದಾರಿಯಲ್ಲಿ ಬಂತು ಅನ್ನುವುದರ ಮೇಲೆ ಹೋಗುತ್ತದೆ.

ಹಾಗಾಗಿ ಈಗ Z ಸಾಲಿಗಿಂತ ಮೊದಲು ಬಲಬದಿಯ ಕಂಬ ನೋಡುತ್ತೇನೆ. ಮೇಲಿನ ಸಾಲುಗಳಲ್ಲಿ ಎಲ್ಲಾದರೂ ಸೊನ್ನೆ ಕಂಡರೆ ಬೆಲೆಯನ್ನು ಕೋಷ್ಟಕದಿಂದ ಎತ್ತಿಕೊಳ್ಳುವುದಿಲ್ಲ. ಬೇಕಾದ ನಿರ್ಬಂಧಕ್ಕೆ ಒಂದು ಗಂಟೆ ಸೇರಿಸಿ ಒಮ್ಮೆ, ಒಂದು ಗಂಟೆ ಕಳೆದು ಇನ್ನೊಮ್ಮೆ ಲೆಕ್ಕ ಬಿಡಿಸಿ, ಎರಡು ಬೆಲೆಗಳನ್ನೂ ಬೇರೆ ಬೇರೆಯಾಗಿ ಬರೆದುಕೊಡುತ್ತೇನೆ.