ಹಳೇ ಮ್ಯಾಗ್ನೆಟ್ ಟೈಲ್ ಸೆಟ್ ಪರೀಕ್ಷಿಸುವುದು ಹೇಗೆ: ಬಾಲವಾಡಿ ತರಬೇತಿಯವರಿಗೆ ಟಿಪ್ಪಣಿ

ಪುಣೆಯ ಜುನಾ ಬಜಾರಿನಲ್ಲಿ ಬುಧವಾರ, ಭಾನುವಾರ ಹಳೇ ಆಟಿಕೆಗಳ ರಾಶಿ ಬೀಳುತ್ತದೆ. ನಮ್ಮ ಕನ್ನಡ ಬಾಲವಾಡಿಗಳಿಗೆ ಎಷ್ಟೋ ಸಾಮಾನು ಅಲ್ಲಿಂದಲೇ ಬರುತ್ತದೆ. ಅದರಲ್ಲಿ ತುಂಬಾ ಹುಷಾರಾಗಿ ನೋಡಬೇಕಾದದ್ದು ಬಣ್ಣಬಣ್ಣದ ಪ್ಲಾಸ್ಟಿಕ್ ಮ್ಯಾಗ್ನೆಟ್ ಟೈಲ್. ಹಾಗಾಗಿ ಅದರಿಂದಲೇ ಶುರು ಮಾಡುತ್ತೇನೆ.

ಎಷ್ಟೋ ಟೈಲ್‌ಗಳ ಅಂಚಿನೊಳಗೆ ಬೆಳ್ಳಿಯಂತೆ ಹೊಳೆಯುವ ಪುಟ್ಟ ಮ್ಯಾಗ್ನೆಟ್ ಇರುತ್ತದೆ. ಇದು ಸಾಮಾನ್ಯವಾಗಿ ನಿಯೋಡಿಮಿಯಂ, ಫ್ರಿಜ್ ಬಾಗಿಲಿಗೆ ಅಂಟಿಸುವ ಕಪ್ಪು ಮ್ಯಾಗ್ನೆಟ್‌ಗಿಂತ ಎಷ್ಟೋ ಪಟ್ಟು ಬಲ ಜಾಸ್ತಿ. ಮಗು ಒಂದನ್ನು ನುಂಗಿ, ಆಮೇಲೆ ಇನ್ನೊಂದನ್ನು ನುಂಗಿತು ಅಂದುಕೊಳ್ಳಿ. ಅವು ಕರುಳಿನ ಬೇರೆ ಬೇರೆ ಸುರುಳಿಗಳಲ್ಲಿದ್ದರೂ ಒಂದನ್ನೊಂದು ಎಳೆದುಕೊಳ್ಳುತ್ತವೆ. ನಡುವೆ ಸಿಕ್ಕಿದ ಕರುಳಿನ ಗೋಡೆಗೆ ರಕ್ತ ಹೋಗುವುದಿಲ್ಲ. ಆ ಜಾಗ ಸತ್ತು ತೂತಾಗುತ್ತದೆ. ಒಂದು ಮ್ಯಾಗ್ನೆಟ್ ಜೊತೆ ಒಂದು ಕಬ್ಬಿಣದ ಚೂರು ಹೋದರೂ ಇದೇ ಗತಿ. ಮೊದಮೊದಲು ಬರೀ ಹೊಟ್ಟೆನೋವು, ವಾಂತಿ ಕಾಣಿಸುವುದರಿಂದ ಅಜೀರ್ಣ ಎಂದು ಮನೆಯವರು ಸುಮ್ಮನಿದ್ದುಬಿಡುತ್ತಾರೆ. ನುಂಗಿರಬಹುದು ಎಂಬ ಸಂಶಯ ಬಂದರೂ ಸಾಕು, ವಾಂತಿ ಮಾಡಿಸಬೇಡಿ, ಮಲದಲ್ಲಿ ಬರುತ್ತದೆ ಎಂದು ಕಾಯಬೇಡಿ. ಆಗಲೇ ಆಸ್ಪತ್ರೆಗೆ ಹೋಗಿ, ಬಾಗಿಲಲ್ಲೇ "ಮ್ಯಾಗ್ನೆಟ್ ನುಂಗಿರಬಹುದು, ಎಕ್ಸ್‌ರೇ ಬೇಕು" ಎಂದು ಹೇಳಿ.

ಈಗ ಒಂದು ಸೆಟ್ ತೆಗೆದುಕೊಂಡು ನೋಡೋಣ. 20 ಚೌಕ ಟೈಲ್ ಇವೆ. ಡಬ್ಬಿ ಇಲ್ಲ, ಕಂಪನಿ ಹೆಸರಿಲ್ಲ.

ಅಲ್ಲಾಡಿಸಿದರೆ ಗಲಗಲ ಎನ್ನುತ್ತದೆ. ಇಷ್ಟಕ್ಕೇ ಕೆಟ್ಟಿದೆ ಅನ್ನಬಾರದು. ಯಾವ ಅಂಚು ಯಾವುದಕ್ಕೆ ಬಂದರೂ ಅಂಟಲಿ ಎಂದು ಎಷ್ಟೋ ಟೈಲ್‌ಗಳಲ್ಲಿ ಮ್ಯಾಗ್ನೆಟ್ ಗೂಡಿನೊಳಗೆ ಉರುಳುವ ಹಾಗೆಯೇ ಇಟ್ಟಿರುತ್ತಾರೆ. ಸದ್ದು ನಂಬಬೇಡಿ, ಎಣಿಸಿ. ಟೈಲ್ ಅನ್ನು ಬೆಳಕಿಗೆ ಹಿಡಿದರೆ ಗೂಡುಗಳು ಕಾಣುತ್ತವೆ. ಈ ಸೆಟ್‌ನಲ್ಲಿ ಬದಿಗೊಂದು, ಅಂದರೆ ಚೌಕಕ್ಕೆ 4, ಒಟ್ಟು 80 ಇರಬೇಕು. ಎಣಿಸಿದರೆ ಸಿಕ್ಕಿದ್ದು 79. ಒಂದು ಗೂಡು ಖಾಲಿ. ಹಾಗಾದರೆ ಆ ಮ್ಯಾಗ್ನೆಟ್ ಎಲ್ಲಿ? ಹೊರಬಿದ್ದ ಮ್ಯಾಗ್ನೆಟ್ ಸಾಮಾನ್ಯವಾಗಿ ಪಕ್ಕದ ಟೈಲ್‌ನ ಅಂಚಿಗೆ ಹೊರಗಿನಿಂದ ಅಂಟಿಕೊಂಡು, ಅದರದೇ ಭಾಗದಂತೆ ಕಾಣುತ್ತದೆ. ಪ್ರತಿ ಅಂಚಿನ ಮೇಲೂ ಬೆರಳಾಡಿಸಿ. ಚೀಲದ ಮೂಲೆಯಲ್ಲಿ, ನೆಲದ ಮೇಲೆ ಸ್ಕ್ರೂಡ್ರೈವರ್ ತುದಿ ಸವರಿ. ಸಿಗಲಿಲ್ಲ ಎಂದರೆ ಆ ಸೆಟ್ ಮಕ್ಕಳ ಹತ್ತಿರ ಹೋಗಬಾರದು.

ಆಮೇಲೆ ಜೋಡಣೆಯ ಗೆರೆ ನೋಡಿ. ಎರಡು ಪ್ಲಾಸ್ಟಿಕ್ ಹಾಳೆಗಳನ್ನು ಕೂಡಿಸಿದ ಜಾಗ ಅದು. ಗೆರೆ ಬೆಳ್ಳಗಾಗಿದ್ದರೆ ಬಿರುಕು ಶುರುವಾಗಿದೆ ಎಂದರ್ಥ. ಸುತ್ತಲೂ ಉಗುರು ತೂರಿಸಲು ನೋಡಿ, ಎದುರುಬದುರು ಮೂಲೆ ಹಿಡಿದು ಮೆಲ್ಲಗೆ ತಿರುಚಿ. ಮೂಲೆಗಳಲ್ಲಿ ಲೋಹದ ರಿವಿಟ್ ಇದ್ದರೆ ಸ್ವಲ್ಪ ವಾಸಿ, ಬರೀ ಅಂಟು ಹಾಕಿದ್ದರೆ ಬೇಗ ಬಾಯಿ ಬಿಡುತ್ತದೆ. ನಮ್ಮ ಸೆಟ್‌ನಲ್ಲಿ ಖಾಲಿ ಗೂಡಿನದ್ದಲ್ಲದೆ ಇನ್ನೂ ಎರಡು ಟೈಲ್‌ಗಳಲ್ಲಿ ಉಗುರು ಒಳಗೆ ಹೋಯಿತು. ಮೂರನ್ನೇ ಬಿಸಾಕಿ ಉಳಿದದ್ದು ಇಟ್ಟುಕೊಳ್ಳೋಣ ಅನಿಸುತ್ತದೆ ಅಲ್ವಾ? ಬೇಡ. ಎಲ್ಲಕ್ಕೂ ಅದೇ ಅಂಟು, ಅಷ್ಟೇ ವಯಸ್ಸು. ಫೆವಿಕ್ವಿಕ್ ಹಾಕುವುದೂ ಬೇಡ. ಅದು ಗಟ್ಟಿಯಾದ ಮೇಲೆ ಪೆಳುಸು, ಒಂದು ಸಲ ಬಿದ್ದರೆ ಮತ್ತೆ ಬಿಚ್ಚುತ್ತದೆ. ಇಡೀ ಸೆಟ್ ಟೇಪ್ ಸುತ್ತಿ ಇ-ತ್ಯಾಜ್ಯಕ್ಕೆ ಕೊಡಿ, ಮತ್ತೆ ಮಾರಬೇಡಿ.

ಗಂಟಲಲ್ಲಿ ಸಿಕ್ಕಿಕೊಳ್ಳಬಹುದಾದ ಚಿಕ್ಕ ಭಾಗಗಳಿಗೆ ಅಳತೆ ಇದೆ. ಪರೀಕ್ಷಾಲಯದಲ್ಲಿ ಅಂಥವನ್ನು ಹಾಕಿ ನೋಡುವ ಕೊಳವೆಯ ಅಗಲ 31.7 ಮಿಲಿಮೀಟರ್. ಅದನ್ನು ನಾವೇ ಮಾಡಿಕೊಳ್ಳಬಹುದು. ದಪ್ಪ ಕಾಗದದ ಪಟ್ಟಿಯಲ್ಲಿ 10 ಸೆಂಟಿಮೀಟರ್ ದೂರಕ್ಕೆ ಎರಡು ಗುರುತು ಹಾಕಿ, ಗುರುತಿಗೆ ಗುರುತು ಸೇರಿಸಿ ಸುತ್ತಿದರೆ ಹೆಚ್ಚುಕಡಿಮೆ ಅದೇ ಅಗಲ ಬರುತ್ತದೆ. ಎತ್ತರ 5.7 ಸೆಂಟಿಮೀಟರ್ ಇರಲಿ. ನಿಜವಾದ ಕೊಳವೆಯ ತಳ ಓರೆ, ಒಂದು ಬದಿ ಗಿಡ್ಡ. ಆದ್ದರಿಂದ ನಮ್ಮದು ಇನ್ನೂ ಬಿಗಿಯಾದ ಪರೀಕ್ಷೆ. ಒತ್ತದೆ, ಯಾವ ದಿಕ್ಕಿನಲ್ಲಾದರೂ ಪೂರ್ತಿ ಒಳಗೆ ಇಳಿದರೆ ಅದು 3 ವರ್ಷದೊಳಗಿನ ಮಗುವಿಗಲ್ಲ. ಗೊಂಬೆಯ ಕಣ್ಣು, ಕಾರಿನ ಚಕ್ರವನ್ನು ಮೊದಲು ಚೆನ್ನಾಗಿ ತಿರುವಿ ಎಳೆದು ನೋಡಿ. ಕಿತ್ತು ಬಂದರೆ ಅದನ್ನೂ ಕೊಳವೆಗೆ ಹಾಕಿ.

ಚೂಪು ಅಂಚಿಗೆ ಹತ್ತಿಯ ಉಂಡೆ ಸಾಕು. ಸವರಿದಾಗ ಎಳೆ ಸಿಕ್ಕಿಕೊಂಡ ಕಡೆ ಚರ್ಮವೂ ಸಿಕ್ಕಿಕೊಳ್ಳುತ್ತದೆ.

ಬಣ್ಣದ ವಿಷಯದಲ್ಲಿ ಕಣ್ಣಿಗೆ ಒಂದು ಮಿತಿ ಇದೆ. ಅದರಲ್ಲಿ ವಿಷಕಾರಿಯಾದ ಸೀಸ ಇದೆಯೋ ಇಲ್ಲವೋ ನೋಡಿ ಹೇಳಲಾಗುವುದಿಲ್ಲ. ಸೆಲೋಟೇಪ್ ಅಂಟಿಸಿ ಕಿತ್ತಾಗ ಬಣ್ಣ ಎದ್ದು ಬಂದರೆ ಅಷ್ಟಕ್ಕೇ ತಿರಸ್ಕರಿಸಿ. ಏಳದಿದ್ದರೆ ಬಣ್ಣ ಗಟ್ಟಿಯಾಗಿದೆ ಎಂದಷ್ಟೇ ಅರ್ಥ, ಸೀಸ ಇಲ್ಲ ಎಂದಲ್ಲ. ಬಾಯಿಗೆ ಹಾಕುವ ವಯಸ್ಸಿನವರಿಗೆ ಬಣ್ಣ ಬಳಿದ ಹಳೇ ಆಟಿಕೆ ಬೇಡವೇ ಬೇಡ. ಮರಳುಕಾಗದದಿಂದ ಉಜ್ಜಿ ಸರಿಮಾಡಲು ಹೋಗಬೇಡಿ, ಆ ಧೂಳು ಇನ್ನೂ ಅಪಾಯ.

ಹೊಸದಾಗಿ ಅಗ್ಗಕ್ಕೆ ಕೊಳ್ಳುವಾಗ ಐಎಸ್‌ಐ ಗುರುತು ನೋಡಿ. 2021ರ ಜನವರಿ 1ರಿಂದ ಆಟಿಕೆಗಳಿಗೆ ಅದು ಕಡ್ಡಾಯ. ಗುರುತಿನ ಜೊತೆ ಇರುವ CM/L ಸಂಖ್ಯೆಯನ್ನು ಬಿಐಎಸ್ ಕೇರ್ ಆ್ಯಪ್‌ನಲ್ಲಿ ಹಾಕಿದರೆ ಪರವಾನಗಿ ಯಾರದು, ಚಾಲ್ತಿಯಲ್ಲಿದೆಯೇ ಎಂದು ಅಂಗಡಿಯ ಮುಂದೆ ನಿಂತೇ ತಿಳಿಯಬಹುದು.