ಪೇಪರ್ ಟ್ರೇಡಿಂಗ್: ಕಾಗದದ ಲಾಭ ನಿಜದ ಖಾತೆಗೆ ಏಕೆ ಬರುವುದಿಲ್ಲ?

ಸ್ವಂತ ಹಣ ತೊಡಗಿಸದೆ, ಮಾರುಕಟ್ಟೆಯಲ್ಲಿ ಆ ಹೊತ್ತು ನಡೆಯುತ್ತಿರುವ ಬೆಲೆಗಳನ್ನೇ ಇಟ್ಟುಕೊಂಡು ಕೊಳ್ಳುವ, ಮಾರುವ ಅಭ್ಯಾಸಕ್ಕೆ ಪೇಪರ್ ಟ್ರೇಡಿಂಗ್ ಎನ್ನುತ್ತಾರೆ. ಕಂಪ್ಯೂಟರ್ ಬರುವ ಮೊದಲು ಕಲಿಯುವವರು ‘ಇಷ್ಟಕ್ಕೆ ಕೊಂಡೆ, ಇಷ್ಟಕ್ಕೆ ಮಾರಿದೆ’ ಎಂದು ಕಾಗದದಲ್ಲಿ ಬರೆದು ಲೆಕ್ಕ ಹಾಕುತ್ತಿದ್ದರು. ಹೆಸರು ಬಂದದ್ದು ಅಲ್ಲಿಂದ. ಈಗ ಅದೇ ಕೆಲಸವನ್ನು ಡೆಮೊ ಖಾತೆಗಳು ಮಾಡುತ್ತವೆ. ಹಳೆಯ ಬೆಲೆಗಳ ಮೇಲೆ ವಿಧಾನವನ್ನು ಓಡಿಸಿ ನೋಡುವ ಬ್ಯಾಕ್‌ಟೆಸ್ಟ್ ಬೇರೆ. ಪೇಪರ್ ಟ್ರೇಡಿಂಗ್‌ನಲ್ಲಿ ಮುಂದೇನಾಗುತ್ತದೆ ಎಂದು ಗೊತ್ತಿಲ್ಲದೆಯೇ ತೀರ್ಮಾನ ಮಾಡಬೇಕು.

ಇದರಿಂದ ಕೈ ಪಳಗುತ್ತದೆ. ನಾವೇ ಬೆಲೆ ಗೊತ್ತುಮಾಡಿ ಕಾಯುವ ಲಿಮಿಟ್ ಆರ್ಡರ್ ಎಂದರೇನು, ಆ ಹೊತ್ತಿನ ಬೆಲೆಗೇ ಮುಗಿಸುವ ಮಾರ್ಕೆಟ್ ಆರ್ಡರ್ ಎಂದರೇನು, ಬೆಲೆ ಇಷ್ಟಕ್ಕೆ ಬಿದ್ದರೆ ಮಾರಿ ಹೊರಬರಬೇಕೆಂಬ ಸ್ಟಾಪ್ ಲಾಸ್ ಎಲ್ಲಿ ಹಾಕಬೇಕು ಎಂಬುದು ತಿಳಿಯುತ್ತದೆ. 100ರ ಬದಲು 1,000 ಒತ್ತುವುದು, ಒಮ್ಮೆ ಮಾರಿದ್ದನ್ನು ಮತ್ತೊಮ್ಮೆ ಮಾರುವುದು ಇಂಥ ತಪ್ಪುಗಳು ಖರ್ಚಿಲ್ಲದೆ ಆಗಿ ಮುಗಿಯುತ್ತವೆ. ನಮ್ಮ ನಿಯಮಕ್ಕೆ ಹೊಂದುವ ಅವಕಾಶ ವಾರಕ್ಕೆ ಎಷ್ಟು ಸಲ ಬರುತ್ತದೆ, ಅದು ಬಂದಾಗ ನಾವು ಪರದೆಯ ಮುಂದೆ ಇರಬಲ್ಲೆವೇ ಎಂಬುದೂ ಇಲ್ಲಿಯೇ ಗೊತ್ತಾಗುತ್ತದೆ. ಇಷ್ಟಕ್ಕೇ ಈ ಹಂತವನ್ನು ದಾಟಿಹೋಗಬಾರದು ಎನ್ನಬಹುದು. ತೊಂದರೆ ಇರುವುದು ಅದರ ಲಾಭದ ಅಂಕಿಯನ್ನು ನಂಬುವುದರಲ್ಲಿ.

ಒಂದು ಲೆಕ್ಕ ಮಾಡಿ ನೋಡೋಣ. ಬಂಡವಾಳ 1,00,000. ಒಂದು ವಹಿವಾಟಿನಲ್ಲಿ 500ಕ್ಕಿಂತ ಹೆಚ್ಚು ಕಳೆದುಕೊಳ್ಳಬಾರದು ಎಂಬುದು ನಿಯಮ. ಷೇರಿನ ಬೆಲೆ 200, ಸ್ಟಾಪ್ ಲಾಸ್ 195, ಲಾಭಕ್ಕೆ ಮಾರಬೇಕೆಂದಿರುವ ಬೆಲೆ ಅಂದರೆ ಟಾರ್ಗೆಟ್ 210. ಷೇರಿಗೆ 5 ನಷ್ಟವಾಗಬಹುದು, ಹಾಗಾಗಿ 100 ಷೇರು. ಸೋತರೆ 500 ಹೋಗುತ್ತದೆ, ಗೆದ್ದರೆ 1,000 ಬರುತ್ತದೆ. ಎಲ್ಲ ವಹಿವಾಟೂ ಇದೇ ಅಳತೆಯದು ಎಂದುಕೊಳ್ಳಿ. ಪೇಪರ್ ಖಾತೆಯಲ್ಲಿ 100 ವಹಿವಾಟು ನಡೆದು 40 ಗೆದ್ದು 60 ಸೋತರೆ, ಬಂದದ್ದು 40,000, ಹೋದದ್ದು 30,000. ಲಾಭ 10,000.

ಮೊದಲ ಸೋರಿಕೆ ಆರ್ಡರ್ ಭರ್ತಿಯಾಗುವ ರೀತಿಯಲ್ಲಿದೆ. ಅನೇಕ ಡೆಮೊ ಖಾತೆಗಳು ಪರದೆಯಲ್ಲಿ ಕಂಡ ಬೆಲೆಗೇ ಆರ್ಡರ್ ಮುಗಿಸಿಬಿಡುತ್ತವೆ. ನಿಜದಲ್ಲಿ ಕೊಳ್ಳುವ ಬೆಲೆ 200.15 ಆಗಬಹುದು, 195ರ ಸ್ಟಾಪ್ 194.80ಕ್ಕೆ ಹೊರಬರಬಹುದು. ಸ್ಲಿಪೇಜ್ ಎನ್ನುವ ಈ ಬೆಲೆ ವ್ಯತ್ಯಾಸಕ್ಕೆ ಬ್ರೋಕರೇಜ್, ತೆರಿಗೆಗಳನ್ನೂ ಸೇರಿಸಿ ವಹಿವಾಟಿಗೆ 50 ಎಂದಿಟ್ಟುಕೊಂಡರೆ, 100 ವಹಿವಾಟಿಗೆ 5,000. ಲಾಭದ ಅರ್ಧ ಇಲ್ಲೇ ಹೋಯಿತು. ಲಿಮಿಟ್ ಆರ್ಡರ್‌ನಲ್ಲಿ ಇನ್ನೂ ಸೂಕ್ಷ್ಮವಾದ ಮೋಸವಿದೆ. ಬೆಲೆ 200ನ್ನು ಮುಟ್ಟಿ ಮೇಲಕ್ಕೆ ಹಾರಿದರೆ ಡೆಮೊ ಖಾತೆ ‘ಸಿಕ್ಕಿತು’ ಎಂದು ಬರೆದುಕೊಳ್ಳುತ್ತದೆ. ನಿಜದ ಮಾರುಕಟ್ಟೆಯಲ್ಲಿ ಅದೇ ಬೆಲೆಗೆ ನಮಗಿಂತ ಮುಂಚೆ ಸರದಿಯಲ್ಲಿ ನಿಂತವರು ಇರುತ್ತಾರೆ, ನಮ್ಮ ತನಕ ಬರದೆಯೂ ಹೋಗಬಹುದು. ಬೆಲೆ 200ನ್ನು ದಾಟಿ ಕೆಳಗಿಳಿದಾಗಲಾದರೋ ತಪ್ಪದೆ ಸಿಗುತ್ತದೆ. ಅಂದರೆ ಕೈತಪ್ಪುವುದು ಗೆಲ್ಲಬೇಕಿದ್ದ ವಹಿವಾಟು, ಕೈಗೆ ಬರುವುದು ಸೋಲುವಂಥದ್ದು.

ಇದನ್ನಾದರೂ ಲೆಕ್ಕದಲ್ಲಿ ಹಿಡಿಯಬಹುದು. ಎರಡನೆಯ ಸೋರಿಕೆ ಮನಸ್ಸಿನದು, ಅದಕ್ಕೆ ಪೇಪರ್ ಖಾತೆಯಲ್ಲಿ ಜಾಗವೇ ಇಲ್ಲ. ಸಮಾನ ಮೊತ್ತದ ಲಾಭ ಕೊಡುವ ಸಂತೋಷಕ್ಕಿಂತ ನಷ್ಟ ಕೊಡುವ ನೋವು ದೊಡ್ಡದು ಎಂಬುದನ್ನು ಮನೋವಿಜ್ಞಾನಿಗಳಾದ ಡೇನಿಯಲ್ ಕಾನೆಮನ್ ಮತ್ತು ಅಮೋಸ್ ಟ್ವೆರ್ಸ್ಕಿ 1979ರಲ್ಲಿ ವಿವರಿಸಿದರು. ಇದರಿಂದಾಗಿ ಹೂಡಿಕೆದಾರರು ಲಾಭದಲ್ಲಿರುವುದನ್ನು ಬೇಗ ಮಾರಿ, ನಷ್ಟದಲ್ಲಿರುವುದನ್ನು ಹಿಡಿದು ಕೂರುತ್ತಾರೆ ಎಂದು 1985ರಲ್ಲಿ ಹರ್ಶ್ ಶೆಫ್ರಿನ್ ಮತ್ತು ಮೇಯರ್ ಸ್ಟ್ಯಾಟ್‌ಮನ್ ತೋರಿಸಿದರು. 1998ರಲ್ಲಿ ಟೆರೆನ್ಸ್ ಓಡಿಯನ್ ಒಂದು ಬ್ರೋಕರ್ ಸಂಸ್ಥೆಯ 10,000 ಖಾತೆಗಳನ್ನು ಪರಿಶೀಲಿಸಿದಾಗಲೂ ಇದೇ ಕಂಡಿತು. ಪೇಪರ್ ಖಾತೆಯಲ್ಲಿ ಈ ಎಳೆತ ಬಹುಮಟ್ಟಿಗೆ ಇರುವುದಿಲ್ಲ, ಏಕೆಂದರೆ ಅಲ್ಲಿ ಹೋಗುವುದು ಬರೀ ಅಂಕಿ. 195 ಬಂದರೆ ಸುಮ್ಮನೆ ಹೊರಬರುತ್ತೇವೆ, 210ರ ತನಕ ಸುಮ್ಮನೆ ಕಾಯುತ್ತೇವೆ. ‘ನನಗೆ ಶಿಸ್ತಿದೆ’ ಎಂಬ ತಪ್ಪು ತಿಳಿವಳಿಕೆ ಹುಟ್ಟುವುದು ಹೀಗೆ.

ನಮ್ಮ ಲೆಕ್ಕಕ್ಕೆ ಮರಳೋಣ. ಖರ್ಚು ಕಳೆದು 5,000 ಉಳಿದಿತ್ತು. ನಿಜದ ಹಣ ಬಂದ ಮೇಲೆ, 210 ಮುಟ್ಟುತ್ತಿದ್ದ 40 ವಹಿವಾಟುಗಳಲ್ಲಿ 15ನ್ನು ‘ಬಂದಷ್ಟು ಬರಲಿ’ ಎಂದು 205ಕ್ಕೇ ಮಾರಿದರೆ 7,500 ತಪ್ಪಿಹೋಗುತ್ತದೆ. ಸೋತ 60ರಲ್ಲಿ 6ಕ್ಕೆ ‘ವಾಪಸ್ ಬಂದೀತು’ ಎಂದು ಸ್ಟಾಪ್ ಅನ್ನು 190ಕ್ಕೆ ಸರಿಸಿದರೆ ಇನ್ನೊಂದು 3,000. ಈಗ ಖಾತೆ 5,500 ನಷ್ಟದಲ್ಲಿದೆ, ಷೇರು ಆರಿಸುವ ನಿಯಮದಲ್ಲಿ ಒಂದಕ್ಷರವೂ ಬದಲಾಗಿಲ್ಲ. ಬೇಗ ಮಾರಿದ್ದರಿಂದಲೋ ಸ್ಟಾಪ್ ಸರಿಸಿದ್ದರಿಂದಲೋ ಬಚಾವಾದ ವಹಿವಾಟುಗಳೂ ಕೆಲವು ಇರುತ್ತವೆ, ಅವು ಈ ನಷ್ಟವನ್ನು ಸ್ವಲ್ಪ ತಗ್ಗಿಸಬಹುದು. ಆದರೆ ನಿಜವಾದ ಅಪಾಯ ಅವೇ. ನಿಯಮ ಮುರಿದಾಗ ಒಮ್ಮೆ ಹಣ ಉಳಿದರೆ ಮುಂದಿನ ಸಲ ಮುರಿಯಲು ಕೈ ಹಿಂಜರಿಯುವುದಿಲ್ಲ.

ಸತತ ಸೋಲಿನದು ಇನ್ನೊಂದು ಕುರುಡು ಜಾಗ. 100ಕ್ಕೆ 60 ಸೋಲುವ ವಿಧಾನದಲ್ಲಿ, 100 ವಹಿವಾಟುಗಳೊಳಗೆ ಒಮ್ಮೆ 7ರ ಆಸುಪಾಸಿನಷ್ಟು ಸೋಲು ಒಂದರ ಹಿಂದೊಂದು ಬರುವುದು ಸಹಜ. ಕಾಗದದಲ್ಲಿ ಅದು ಕಣ್ಣು ಹಾಯಿಸಿ ಮುಂದೆ ಹೋಗುವ ಏಳು ಸಾಲು. ನಿಜದಲ್ಲಿ ಖರ್ಚೂ ಸೇರಿ 3,850 ಹೋಗಿರುತ್ತದೆ, ಎಂಟನೆಯ ಅವಕಾಶ ಬಂದಾಗ ‘ಇದೊಂದು ಬೇಡ’ ಅನ್ನಿಸುತ್ತದೆ. ಅಥವಾ ಹೋದದ್ದನ್ನೆಲ್ಲ ಒಮ್ಮೆಲೇ ತರಲು 300 ಷೇರು ಕೊಳ್ಳುವ ಮನಸ್ಸಾಗುತ್ತದೆ. ಎರಡರಲ್ಲಿ ಯಾವುದಾದರೂ ಮೇಲಿನ ಲೆಕ್ಕ ಕೆಟ್ಟಿತು.

ಹಾಗಾದರೆ ಈ ಹಂತವನ್ನು ಹೇಗೆ ಬಳಸಬೇಕು? ಡೆಮೊ ಖಾತೆ 10,00,000 ಕೊಟ್ಟರೂ, ನಿಜದಲ್ಲಿ ಹಾಕಲಿರುವುದು 1,00,000 ಆದರೆ ಅಷ್ಟನ್ನೇ ಬಳಸಿ. ಪ್ರತಿ ವಹಿವಾಟಿಗೂ ಖರ್ಚನ್ನು ನೀವೇ ಕಳೆಯಿರಿ. ಬೆಲೆ ಮುಟ್ಟಿದರೆ ಸಾಲದು, ದಾಟಿದರೆ ಮಾತ್ರ ಲಿಮಿಟ್ ಆರ್ಡರ್ ಸಿಕ್ಕಿತೆಂದು ಬರೆಯಿರಿ. ಎಂಟ್ರಿ, ಸ್ಟಾಪ್, ಟಾರ್ಗೆಟ್ ಮೂರನ್ನೂ ಆರ್ಡರ್‌ಗೆ ಮುಂಚೆಯೇ ಸಮಯ ಸಮೇತ ದಾಖಲಿಸಿ. ಆಮೇಲೆ ಬರೆದರೆ ಸೋತವು ತಾವಾಗಿ ಮರೆತುಹೋಗುತ್ತವೆ. ಖಾತೆ ಕುಸಿದಾಗ ರೀಸೆಟ್ ಒತ್ತಲೇಬೇಡಿ. ಆ ಕುಸಿತವೇ ಇಲ್ಲಿ ಸಿಗುವ ಅತ್ಯಂತ ಉಪಯುಕ್ತ ಮಾಹಿತಿ.

ಆಮೇಲೆ ನಿಜದ ಹಣಕ್ಕೆ ಬರುವಾಗ 100 ಷೇರಿನ ಬದಲು 10ರಿಂದ ಶುರುಮಾಡಿ. ಇಷ್ಟು ಚಿಕ್ಕ ವಹಿವಾಟಿನಲ್ಲಿ ಬ್ರೋಕರೇಜೇ ಲಾಭ ತಿಂದುಹಾಕಬಹುದು, ಆದ್ದರಿಂದ ಇಲ್ಲಿ ಲಾಭ ನಷ್ಟ ನೋಡಬೇಡಿ. ಪುಸ್ತಕದಲ್ಲಿ ಎರಡು ಕಲಂ ಮಾಡಿ: ಎಲ್ಲಿ ಹೊರಬರಬೇಕೆಂದು ಬರೆದಿದ್ದೆವು, ಎಲ್ಲಿ ಹೊರಬಂದೆವು. 20 ವಹಿವಾಟಿಗೊಮ್ಮೆ ಎರಡೂ ಹೊಂದದ ಸಾಲುಗಳನ್ನು ಎಣಿಸಿ, ಬಿಟ್ಟುಬಿಟ್ಟ ಅವಕಾಶಗಳನ್ನೂ ಅದರಲ್ಲಿ ಸೇರಿಸಿ. ಒಂದೆರಡಷ್ಟೇ ಇದ್ದರೆ 20 ಷೇರಿಗೆ, ಆಮೇಲೆ 40ಕ್ಕೆ ಏರಬಹುದು. 20 ಷೇರಿನಲ್ಲಿ 2 ಇದ್ದ ತಪ್ಪು 40ರಲ್ಲಿ 7ಕ್ಕೆ ಜಿಗಿದರೆ ವಿಧಾನವನ್ನು ತಿದ್ದಲು ಹೋಗಬೇಡಿ, ಪೇಪರ್ ಖಾತೆಗೂ ಮರಳಬೇಡಿ. 20ಕ್ಕೆ ಇಳಿದು ಇನ್ನೊಂದು 20 ವಹಿವಾಟು ಮಾಡಿ. ಪೇಪರ್ ಖಾತೆಯನ್ನು ಮತ್ತೆ ತೆರೆಯಬೇಕಾದದ್ದು ನಿಯಮವನ್ನೇ ಬದಲಿಸಿದಾಗ ಮಾತ್ರ.